ಅಂಗಡಿಯ ಬಿಲ್ಲಿನ ಕೋಷ್ಟಕ ಮತ್ತು ಎರಡನೆಯ ನಾರ್ಮಲ್ ಫಾರ್ಮ್

ಅಕ್ಕಲಕೋಟೆಯಂತಹ ಊರಿನ ಒಂದು ಕಿರಾಣಿ ಅಂಗಡಿಯನ್ನು ವಿದ್ಯಾರ್ಥಿಗಳ ಮುಂದೆ ಕಲ್ಪಿಸಿ ಹೇಳುವುದರಿಂದ ಈ ಪಾಠವನ್ನು ಆರಂಭಿಸಬಹುದು. ಅಂಗಡಿಯ ಬಿಲ್ಲುಗಳೆಲ್ಲವೂ ಕಂಪ್ಯೂಟರಿನ ಒಂದೇ ಕೋಷ್ಟಕದಲ್ಲಿ ದಾಖಲಾಗುತ್ತವೆ. ಬೆಳಿಗ್ಗೆ ಗಲ್ಲೆಯಲ್ಲಿ ಕುಳಿತವನು ‘ತೊಗರಿ ಬೇಳೆ’ ಎಂದು ಬರೆಯುತ್ತಾನೆ. ಸಂಜೆ ಕುಳಿತವನು ಅದನ್ನೇ ಮರಾಠಿಯ ರೂಢಿಯಂತೆ ‘ತೂರ್ ಡಾಳ’ ಎಂದು ಬರೆಯುತ್ತಾನೆ. ತಿಂಗಳ ಕೊನೆಗೆ ಎಷ್ಟು ಬೇಳೆ ಮಾರಾಟವಾಯಿತೆಂದು ಹೆಸರು ಹಿಡಿದು ಹುಡುಕಿದರೆ ಲೆಕ್ಕದ ಒಂದು ಪಾಲು ಮಾತ್ರ ಕೈಗೆ ಸಿಗುತ್ತದೆ. ಗಡಿಭಾಗದ ಮಕ್ಕಳಿಗೆ ಈ ಎರಡು ಹೆಸರುಗಳ ತೊಡಕು ಹೊಸದೇನಲ್ಲ. ಆದರೆ ಇಲ್ಲಿ ತಪ್ಪು ಬರೆದವನದು ಮಾತ್ರವಲ್ಲ, ಒಂದೇ ಹೆಸರನ್ನು ಮತ್ತೆ ಮತ್ತೆ ಬರೆಯುವಂತೆ ಮಾಡಿದ ಕೋಷ್ಟಕದ್ದೂ ಹೌದು ಎಂಬುದು ಅವರಿಗೆ ಹೊಸ ವಿಷಯ.

ಮೊದಲು ಒಂದು ಬಿಲ್ಲಿಗೆ ಒಂದೇ ಸಾಲಿದ್ದು, ‘ಜೋಳ 20, ಬೇಳೆ 5, ಸಕ್ಕರೆ 3’ ಎಂದು ಎಲ್ಲವನ್ನೂ ಒಂದೇ ಮನೆಯಲ್ಲಿ ತುಂಬಿದ್ದರೆ, ಅದನ್ನು ಒಂದು ಸರಕಿಗೆ ಒಂದು ಸಾಲಿನಂತೆ ಬಿಡಿಸಬೇಕು. ಇದು ಮೊದಲನೆಯ ನಾರ್ಮಲ್ ಫಾರ್ಮ್. ಹಿಂದಿನ ಪಾಠದಲ್ಲಿ ಬಂದಿರುವುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಬಿಡಿಸಿದ ನಂತರ ದೊರೆಯುವ ಕೋಷ್ಟಕವನ್ನು ಕರಿಹಲಗೆಯ ಮೇಲೆ ಪೂರ್ಣವಾಗಿ ಬರೆಯುವುದು ಒಳ್ಳೆಯದು. ದರಗಳು ಪಾಠಕ್ಕಾಗಿ ಕಲ್ಪಿಸಿದವು.

| ಬಿಲ್ಲು ಸಂಖ್ಯೆ | ದಿನಾಂಕ | ಗಿರಾಕಿ | ಸರಕಿನ ಸಂಕೇತ | ಸರಕಿನ ಹೆಸರು | ಅಳತೆ | ಪ್ರಮಾಣ | ದರ |
|---|---|---|---|---|---|---|---|
| 101 | ಜೂನ್ 3 | ಖಾನಾವಳಿ | ಜ1 | ಜೋಳ | ಕಿಲೋ | 20 | 42 |
| 101 | ಜೂನ್ 3 | ಖಾನಾವಳಿ | ತ1 | ತೊಗರಿ ಬೇಳೆ | ಕಿಲೋ | 5 | 150 |
| 101 | ಜೂನ್ 3 | ಖಾನಾವಳಿ | ಸ1 | ಸಕ್ಕರೆ | ಕಿಲೋ | 3 | 44 |
| 102 | ಜೂನ್ 3 | ಚಹಾ ಅಂಗಡಿ | ಸ1 | ಸಕ್ಕರೆ | ಕಿಲೋ | 10 | 44 |
| 103 | ಜೂನ್ 19 | ಖಾನಾವಳಿ | ತ1 | ತೂರ್ ಡಾಳ | ಕಿಲೋ | 4 | 158 |
| 103 | ಜೂನ್ 19 | ಖಾನಾವಳಿ | ಎ1 | ಶೇಂಗಾ ಎಣ್ಣೆ | ಲೀಟರ್ | 2 | 180 |

ಈ ಕೋಷ್ಟಕದಲ್ಲಿ ಒಂದು ಸಾಲನ್ನು ಗುರುತಿಸಲು ಏನು ಬೇಕು ಎಂಬುದು ಮೊದಲ ಪ್ರಶ್ನೆ. ಬಿಲ್ಲು ಸಂಖ್ಯೆ 101 ಎಂದರೆ ಮೂರು ಸಾಲುಗಳಿವೆ. ಸಂಕೇತ ಸ1 ಎಂದರೆ ಎರಡು ಸಾಲುಗಳಿವೆ. ಎರಡನ್ನೂ ಕೂಡಿಸಿ ‘101, ಸ1’ ಎಂದರೆ ಒಂದೇ ಸಾಲು ಸಿಗುತ್ತದೆ. ಆದುದರಿಂದ ಬಿಲ್ಲು ಸಂಖ್ಯೆ ಮತ್ತು ಸರಕಿನ ಸಂಕೇತ ಎರಡೂ ಸೇರಿ ಈ ಕೋಷ್ಟಕದ ಕೀಲಿಯಾಗುತ್ತವೆ. ಒಂದು ಬಿಲ್ಲಿನಲ್ಲಿ ಒಂದು ಸರಕು ಒಂದೇ ಸಲ ಬರುತ್ತದೆ ಎಂಬ ಅಂಗಡಿಯ ಪದ್ಧತಿಯನ್ನು ನಂಬಿಯೇ ಹೀಗೆ ಹೇಳಲಾಗಿದೆ ಎಂಬುದನ್ನು ಮರೆಯಬಾರದು.

ಈಗ ಉಳಿದ ಪ್ರತಿಯೊಂದು ಕಾಲಂ ಕುರಿತು ಒಂದೇ ಪ್ರಶ್ನೆಯನ್ನು ಕೇಳಬೇಕು: ಇದನ್ನು ತಿಳಿಯಲು ಇಡೀ ಕೀಲಿ ಬೇಕೇ, ಅದರ ಒಂದು ಭಾಗ ಸಾಕೇ? ದಿನಾಂಕವನ್ನು ತಿಳಿಯಲು ಬಿಲ್ಲು ಸಂಖ್ಯೆಯೊಂದೇ ಸಾಕು. ಗಿರಾಕಿ ಯಾರೆಂದು ತಿಳಿಯಲೂ ಅಷ್ಟೇ ಸಾಕು. ಸರಕಿನ ಹೆಸರು ಮತ್ತು ಅಳತೆಯನ್ನು ತಿಳಿಯಲು ಸಂಕೇತವೊಂದೇ ಸಾಕು. ಪ್ರಮಾಣಕ್ಕೆ ಮಾತ್ರ ಯಾವ ಬಿಲ್ಲು, ಯಾವ ಸರಕು ಎರಡನ್ನೂ ಹೇಳಲೇಬೇಕು. ಕೀಲಿಯ ಒಂದು ಭಾಗದಿಂದಲೇ ನಿರ್ಧಾರವಾಗುವ ಈ ಸಂಬಂಧಕ್ಕೆ ಭಾಗಶಃ ಅವಲಂಬನೆ ಎಂದು ಹೆಸರು. ಕೀಲಿಯೊಳಗೆ ಸೇರದ ಯಾವ ಕಾಲಂ ಕೂಡ ಕೀಲಿಯ ಭಾಗವೊಂದನ್ನು ಮಾತ್ರ ಅವಲಂಬಿಸಿರದಿದ್ದರೆ ಕೋಷ್ಟಕವು ಎರಡನೆಯ ನಾರ್ಮಲ್ ಫಾರ್ಮ್‌ನಲ್ಲಿದೆ ಎನ್ನುತ್ತಾರೆ. ಸಂಬಂಧಾತ್ಮಕ ದತ್ತಾಂಶ ಮಾದರಿಯನ್ನು 1970ರಲ್ಲಿ ಪ್ರಕಟಿಸಿದ ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಅವರೇ ಮರುವರ್ಷ ಈ ನಿಯಮವನ್ನೂ ರೂಪಿಸಿದರು.

ಭಾಗಶಃ ಅವಲಂಬನೆ ಇದ್ದರೆ ಆಗುವ ಹಾನಿಯನ್ನು ಇದೇ ಆರು ಸಾಲುಗಳಲ್ಲಿ ತೋರಿಸಬಹುದು. ಬೇಳೆಯ ಹೆಸರು ಎರಡು ಬಗೆಯಾದುದು ಆಗಲೇ ಕಂಡಿದೆ. ಹೊಸದಾಗಿ ಹೆಸರು ಬೇಳೆಯ ಚೀಲ ಅಂಗಡಿಗೆ ಬಂದರೆ, ಅದು ಮಾರಾಟವಾಗುವವರೆಗೆ ಅದನ್ನು ದಾಖಲಿಸಲು ಸ್ಥಳವೇ ಇಲ್ಲ; ಬಿಲ್ಲು ಸಂಖ್ಯೆ ಕೀಲಿಯ ಭಾಗವಾದುದರಿಂದ ಅದನ್ನು ಖಾಲಿ ಬಿಡುವಂತಿಲ್ಲ. ಖಾನಾವಳಿಯವರು 103ನೆಯ ಬಿಲ್ಲಿನ ಮಾಲನ್ನು ಹಿಂದಿರುಗಿಸಿ, ಆ ಬಿಲ್ಲನ್ನು ಅಳಿಸಿದರೆ, ಎ1 ಎಂದರೆ ಶೇಂಗಾ ಎಣ್ಣೆ, ಅದರ ಅಳತೆ ಲೀಟರ್ ಎಂಬ ಮಾಹಿತಿಯೂ ಕಂಪ್ಯೂಟರಿನಿಂದ ಅಳಿದುಹೋಗುತ್ತದೆ. ಎಣ್ಣೆಯ ಡಬ್ಬಗಳು ಮಾತ್ರ ಕಪಾಟಿನಲ್ಲಿಯೇ ಇರುತ್ತವೆ.

ಇಲ್ಲಿಯವರೆಗೆ ದರದ ಕಾಲಂ ಕುರಿತು ಏನನ್ನೂ ಹೇಳಿಲ್ಲ. ಹೆಚ್ಚಿನ ವಿದ್ಯಾರ್ಥಿಗಳು ‘ದರವೆಂಬುದು ಸರಕಿಗೆ ಸಂಬಂಧಿಸಿದ್ದು, ಅದನ್ನು ಸರಕಿನ ಕೋಷ್ಟಕಕ್ಕೆ ಸೇರಿಸಬೇಕು’ ಎಂದೇ ಹೇಳುವರು. ಶಿಕ್ಷಕರು ಅದನ್ನು ಕೂಡಲೇ ತಿದ್ದದೆ, ಹಾಗೆಯೇ ಮಾಡಿ ನೋಡಲು ಬಿಡಬೇಕು. 101ನೆಯ ಬಿಲ್ಲಿನ ಮೊತ್ತ 840, 750 ಮತ್ತು 132 ಕೂಡಿ 1,722 ರೂಪಾಯಿ. ದರವನ್ನು ಸರಕಿನ ಕೋಷ್ಟಕಕ್ಕೆ ಸಾಗಿಸಿದರೆ ತ1 ಸಂಕೇತಕ್ಕೆ ಒಂದೇ ದರವಿರಲು ಸಾಧ್ಯ. ಜೂನ್ 19ರಂದು ಅದನ್ನು 150ರಿಂದ 158ಕ್ಕೆ ಬದಲಿಸಿದ ಕೂಡಲೇ ಹಳೆಯ ಬಿಲ್ಲಿನ ಬೇಳೆಯ ಬೆಲೆ 790 ಆಗುತ್ತದೆ, ಮೊತ್ತ 1,762 ಆಗುತ್ತದೆ. ಖಾನಾವಳಿಯವರು ಉದ್ರಿ ಇಟ್ಟುಕೊಂಡಿದ್ದರೆಂದು ಭಾವಿಸೋಣ. ಅವರ ಕೈಯಲ್ಲಿರುವ ಕಾಗದದಲ್ಲಿ 1,722, ಅಂಗಡಿಯ ಕಂಪ್ಯೂಟರಿನಲ್ಲಿ 1,762. ನಲವತ್ತು ರೂಪಾಯಿಯ ಈ ವ್ಯತ್ಯಾಸವನ್ನು ಯಾರೂ ಬೇಕೆಂದು ಬರೆದದ್ದಲ್ಲ. ಆದರೂ ಮೋಸದ ಮಾತು ಬರುವುದು ಅಂಗಡಿಯವನ ಮೇಲೆ.

ಇದರಿಂದ ದರದ ನಿಜವಾದ ಅರ್ಥ ಹೊರಬರುತ್ತದೆ. ಬಿಲ್ಲಿನಲ್ಲಿರುವುದು ಸರಕಿನ ದರವಲ್ಲ, ಆ ಸರಕನ್ನು ಆ ಬಿಲ್ಲಿನಲ್ಲಿ ಮಾರಿದ ದರ. ಅದು ಪ್ರಮಾಣದಂತೆಯೇ ಇಡೀ ಕೀಲಿಯನ್ನು ಅವಲಂಬಿಸುತ್ತದೆ. ಇಂದಿನ ದರವನ್ನೂ ಇಟ್ಟುಕೊಳ್ಳಬೇಕಾದರೆ ಸರಕಿನ ಕೋಷ್ಟಕದಲ್ಲಿ ‘ಇಂದಿನ ದರ’ ಎಂಬ ಬೇರೆ ಕಾಲಂ ಇರಲಿ. ಎರಡು ಕಡೆಗಳಲ್ಲಿ ಒಂದೇ ಅಂಕಿ ಕಂಡರೂ ಅದು ಪುನರಾವರ್ತನೆಯಲ್ಲ, ಏಕೆಂದರೆ ಅವೆರಡೂ ಬೇರೆ ಬೇರೆ ಸಂಗತಿಗಳು.

ಯಾವುದು ಯಾವುದನ್ನು ಅವಲಂಬಿಸಿದೆ ಎಂಬುದನ್ನು ಕಂಪ್ಯೂಟರನ್ನೇ ಕೇಳಬಾರದೇ ಎಂದು ಚುರುಕಾದ ವಿದ್ಯಾರ್ಥಿಯೊಬ್ಬನು ಕೇಳುವುದು ಸಹಜ. ಕೇಳಬಹುದು. ಕೋಷ್ಟಕಕ್ಕೆ `bill_lines`, ಸಂಕೇತಕ್ಕೆ `item_code`, ಹೆಸರಿಗೆ `item_name` ಎಂದು ಹೆಸರಿಟ್ಟಿದ್ದರೆ, ಒಂದೇ ಸಂಕೇತಕ್ಕೆ ಒಂದಕ್ಕಿಂತ ಹೆಚ್ಚು ಹೆಸರುಗಳಿರುವ ಕಡೆಗಳನ್ನು ಈ ಆಜ್ಞೆ ತೋರಿಸುತ್ತದೆ:

```
SELECT item_code
FROM bill_lines
GROUP BY item_code
HAVING COUNT(DISTINCT item_name) > 1;
```

ಉತ್ತರವಾಗಿ ತ1 ಬರುತ್ತದೆ. `item_name` ಇರುವಲ್ಲಿ ದರದ ಕಾಲಂ `rate` ಎಂದು ಬರೆದು ಕೇಳಿದರೂ ತ1 ಬರುತ್ತದೆ. ಎರಡು ಉತ್ತರಗಳೂ ಒಂದೇ, ಆದರೆ ಅರ್ಥ ಒಂದೇ ಅಲ್ಲ. ಹೆಸರು ಎರಡಾದುದು ಬರವಣಿಗೆಯ ದೋಷ. ದರ ಎರಡಾದುದು ಮಾರುಕಟ್ಟೆಯ ಸತ್ಯ. ಮೊದಲನೆಯದನ್ನು ತಿದ್ದಬೇಕು, ಎರಡನೆಯದನ್ನು ಹಾಗೆಯೇ ಕಾಪಾಡಬೇಕು. ಈ ಭೇದವನ್ನು ಕಂಪ್ಯೂಟರು ಹೇಳಲಾರದು. ಅಂಗಡಿಯ ವ್ಯವಹಾರವನ್ನು ಬಲ್ಲವನು ಹೇಳಬೇಕು. ಹಾಗೆಯೇ, ಸಕ್ಕರೆಯ ದರ ಎರಡು ಬಿಲ್ಲುಗಳಲ್ಲಿಯೂ 44 ಇದೆಯೆಂದ ಮಾತ್ರಕ್ಕೆ ಅದು ಎಂದೂ ಬದಲಾಗದೆಂದು ತೀರ್ಮಾನಿಸುವಂತಿಲ್ಲ. ಅವಲಂಬನೆ ಇಲ್ಲವೆಂಬ ಸಂಶಯವನ್ನು ಸಾಲುಗಳು ಎಬ್ಬಿಸಬಲ್ಲವು, ಇದೆಯೆಂದು ಸಾಧಿಸಲಾರವು.

ಇನ್ನು ವಿಭಜನೆ ಸುಲಭ. ಕೀಲಿಯ ಯಾವ ಭಾಗವು ಬೇರೆ ಕಾಲಂಗಳನ್ನು ನಿರ್ಧರಿಸುತ್ತದೆಯೋ ಆ ಭಾಗವನ್ನೇ ಕೀಲಿಯನ್ನಾಗಿ ಮಾಡಿ, ಅವುಗಳನ್ನು ಹೊಸ ಕೋಷ್ಟಕಕ್ಕೆ ಸಾಗಿಸಬೇಕು. ಆ ಭಾಗದ ಪ್ರತಿ ಮೂಲ ಕೋಷ್ಟಕದಲ್ಲಿಯೂ ಉಳಿಯಬೇಕು.

ಬಿಲ್ಲುಗಳು:

| ಬಿಲ್ಲು ಸಂಖ್ಯೆ | ದಿನಾಂಕ | ಗಿರಾಕಿ |
|---|---|---|
| 101 | ಜೂನ್ 3 | ಖಾನಾವಳಿ |
| 102 | ಜೂನ್ 3 | ಚಹಾ ಅಂಗಡಿ |
| 103 | ಜೂನ್ 19 | ಖಾನಾವಳಿ |

ಸರಕುಗಳು:

| ಸರಕಿನ ಸಂಕೇತ | ಸರಕಿನ ಹೆಸರು | ಅಳತೆ |
|---|---|---|
| ಜ1 | ಜೋಳ | ಕಿಲೋ |
| ತ1 | ತೊಗರಿ ಬೇಳೆ | ಕಿಲೋ |
| ಸ1 | ಸಕ್ಕರೆ | ಕಿಲೋ |
| ಎ1 | ಶೇಂಗಾ ಎಣ್ಣೆ | ಲೀಟರ್ |

ಬಿಲ್ಲಿನ ಸಾಲುಗಳು:

| ಬಿಲ್ಲು ಸಂಖ್ಯೆ | ಸರಕಿನ ಸಂಕೇತ | ಪ್ರಮಾಣ | ಮಾರಿದ ದರ |
|---|---|---|---|
| 101 | ಜ1 | 20 | 42 |
| 101 | ತ1 | 5 | 150 |
| 101 | ಸ1 | 3 | 44 |
| 102 | ಸ1 | 10 | 44 |
| 103 | ತ1 | 4 | 158 |
| 103 | ಎ1 | 2 | 180 |

ಬಿಲ್ಲಿನ ಸಾಲುಗಳಿಗೆ ಬಿಲ್ಲು ಸಂಖ್ಯೆಯ ಮೂಲಕ ದಿನಾಂಕವನ್ನೂ ಸಂಕೇತದ ಮೂಲಕ ಹೆಸರನ್ನೂ ಮತ್ತೆ ಜೋಡಿಸಿದರೆ ಮೊದಲಿನ ಆರು ಸಾಲುಗಳೇ ಹಿಂದಿರುಗಬೇಕು. ಒಂದು ಹೆಚ್ಚೂ ಅಲ್ಲ, ಒಂದು ಕಡಿಮೆಯೂ ಅಲ್ಲ. ವಿದ್ಯಾರ್ಥಿಗಳು ಇದನ್ನು ಕೈಯಿಂದಲೇ ಜೋಡಿಸಿ ನೋಡಬೇಕು. ಬದಲಾಗಿರುವುದು ‘ತೂರ್ ಡಾಳ’ ಇದ್ದ ಮನೆಯೊಂದೇ. ಹೆಸರು ಬೇಳೆಯನ್ನು ಈಗ ಬಿಲ್ಲಿಲ್ಲದೆಯೂ ಸರಕುಗಳ ಕೋಷ್ಟಕಕ್ಕೆ ಸೇರಿಸಬಹುದು. 103ನೆಯ ಬಿಲ್ಲನ್ನು ಅಳಿಸಿದರೂ ಶೇಂಗಾ ಎಣ್ಣೆ ಉಳಿಯುತ್ತದೆ.

ತರಗತಿಯಲ್ಲಿ ಪದೇ ಪದೇ ಬರುವ ತಪ್ಪೊಂದಿದೆ. ಎರಡು ಕಾಲಂಗಳ ಕೀಲಿಯಿಂದಲೇ ತೊಂದರೆಯಾಗುವುದಾದರೆ, ಮೂಲ ಕೋಷ್ಟಕಕ್ಕೆ 1, 2, 3 ಎಂದು ಕ್ರಮಸಂಖ್ಯೆಯ ಕಾಲಂ ಸೇರಿಸಿ ಅದನ್ನೇ ಕೀಲಿ ಮಾಡಿದರಾಯಿತು ಎಂಬ ಉಪಾಯ ಕೆಲವರಿಗೆ ಹೊಳೆಯುತ್ತದೆ. ಅದು ಉಪಾಯವಲ್ಲ. ಬಿಲ್ಲು ಸಂಖ್ಯೆ ಮತ್ತು ಸಂಕೇತ ಸೇರಿ ಸಾಲನ್ನು ಗುರುತಿಸುವ ಗುಣ ಆಗಲೂ ಹಾಗೆಯೇ ಇರುತ್ತದೆ, ನಿಯಮವು ಸಾಲನ್ನು ಗುರುತಿಸಬಲ್ಲ ಪ್ರತಿಯೊಂದು ಕೀಲಿಗೂ ಅನ್ವಯಿಸುತ್ತದೆ. ಬೇಳೆಯ ಹೆಸರು ಮೊದಲಿನಂತೆಯೇ ಎರಡು ಕಡೆ ಬರೆಯಲ್ಪಡುತ್ತದೆ.

ಎರಡನೆಯ ನಾರ್ಮಲ್ ಫಾರ್ಮ್‌ಗೂ ಒಂದು ಮಿತಿಯಿದೆ. ಬಿಲ್ಲುಗಳ ಕೋಷ್ಟಕದಲ್ಲಿ ಗಿರಾಕಿಯ ದೂರವಾಣಿ ಸಂಖ್ಯೆಯನ್ನೂ ಬರೆದರೆ, 101 ಮತ್ತು 103ರಲ್ಲಿ ಖಾನಾವಳಿಯ ಸಂಖ್ಯೆ ಎರಡು ಸಲ ಬರುತ್ತದೆ. ಅಲ್ಲಿ ಕೀಲಿ ಒಂದೇ ಕಾಲಂ ಆದುದರಿಂದ ಭಾಗಶಃ ಅವಲಂಬನೆಗೆ ಎಡೆಯಿಲ್ಲ. ಆದರೂ ಪುನರಾವರ್ತನೆ ಉಳಿದಿದೆ. ಅದನ್ನು ನಿವಾರಿಸುವುದು ಮೂರನೆಯ ನಾರ್ಮಲ್ ಫಾರ್ಮ್, ಮುಂದಿನ ಪಾಠದ ವಿಷಯ.

ಅಭ್ಯಾಸ: ಶಾಲೆಯ ಅಂಕಪಟ್ಟಿಯ ಕೋಷ್ಟಕದಲ್ಲಿ ಹಾಜರಿ ಸಂಖ್ಯೆ, ವಿದ್ಯಾರ್ಥಿಯ ಹೆಸರು, ವಿಷಯದ ಸಂಕೇತ, ವಿಷಯದ ಹೆಸರು, ಕಲಿಸುವ ಶಿಕ್ಷಕರು, ಪಡೆದ ಅಂಕ ಎಂಬ ಕಾಲಂಗಳಿವೆ. ಹಾಜರಿ ಸಂಖ್ಯೆ ಇಡೀ ಶಾಲೆಗೆ ಒಂದೇ ಸರಣಿಯಲ್ಲಿದೆ. ಭಾಗಶಃ ಅವಲಂಬನೆಗಳನ್ನು ಗುರುತಿಸಿ ಕೋಷ್ಟಕವನ್ನು ವಿಭಜಿಸಿರಿ. ಶಿಕ್ಷಕರಿಗೆ ಸೂಚನೆ: ಹೆಸರುಗಳು ಮತ್ತು ಅಂಕಗಳ ಉತ್ತರ ಸ್ಪಷ್ಟ. ಕಲಿಸುವ ಶಿಕ್ಷಕರ ಕಾಲಂ ಎಲ್ಲಿ ಸೇರುತ್ತದೆ ಎಂಬುದು, ಆ ಶಾಲೆಯಲ್ಲಿ ಒಂದು ವಿಷಯವನ್ನು ಒಬ್ಬರೇ ಕಲಿಸುತ್ತಾರೆಯೇ, ‘ಅ’ ಮತ್ತು ‘ಬ’ ವಿಭಾಗಗಳಿಗೆ ಬೇರೆ ಬೇರೆಯವರು ಕಲಿಸುತ್ತಾರೆಯೇ ಎಂಬುದರ ಮೇಲೆ ನಿಲ್ಲುತ್ತದೆ. ಈ ಪ್ರಶ್ನೆಯನ್ನು ವಿದ್ಯಾರ್ಥಿಗಳೇ ಕೇಳುವವರೆಗೆ ಶಿಕ್ಷಕರು ಕಾಯಬೇಕು.