ಗಂಟಲು ಕಟ್ಟಿದಾಗ ಪಿಸುಮಾತಿನ ಪಾಠ ಬೇಡ, ಏಕೆ?

ಶೆಟ್ಟಿಹಳ್ಳಿಯ ಶಾಲೆಯೊಂದರಲ್ಲಿ ಅಭ್ಯಾಸ ಬೋಧನೆ ನಡೆಯುತ್ತಿದ್ದಾಗ ನಮ್ಮ ಸಹಪಾಠಿಯೊಬ್ಬರಿಗೆ ನೆಗಡಿಯಾಗಿ ಧ್ವನಿ ಬಿದ್ದುಹೋಯಿತು. 8ನೇ ತರಗತಿಗೆ ಅವರು ಮಾಡಬೇಕಿದ್ದುದು 'ಶಬ್ದ' ಪಾಠ. "ಪಿಸುಗುಟ್ಟಿ ಹೇಳಿ ಮಿಸ್, ನಮಗೆ ಕೇಳುತ್ತೆ" ಎಂದರು ಮಕ್ಕಳು. ಪ್ರೀತಿಯ ಸಲಹೆಯೇ. ಆದರೆ ಅದು ಸರಿಯೇ ಎಂಬ ಪ್ರಶ್ನೆಗೆ ಉತ್ತರ ಅದೇ ಪಾಠದಲ್ಲಿದೆ.

ಧ್ವನಿಪೆಟ್ಟಿಗೆಯೊಳಗಿನ ಎರಡು ಧ್ವನಿತಂತುಗಳು ಉಸಿರಿನ ಗಾಳಿಗೆ ಕಂಪಿಸಿ ಪರಸ್ಪರ ತಾಕಿದಾಗ ಸ್ವರ ಹುಟ್ಟುತ್ತದೆ. ಹೆಂಗಸರ ಮಾತಿನಲ್ಲಿ ಇದು ಸೆಕೆಂಡಿಗೆ ಸುಮಾರು 200 ಸಲ. 40 ನಿಮಿಷದ ಅವಧಿಯಲ್ಲಿ ನಿಜವಾಗಿ ಸ್ವರ ಹೊರಡುವುದು 10 ನಿಮಿಷ ಎಂದಿಟ್ಟುಕೊಂಡರೂ 600 × 200, ಅಂದರೆ 1,20,000 ತಾಕುಗಳು! ನೆಗಡಿಯ ವೈರಾಣು ತಂತುಗಳನ್ನು ಊದಿಸಿದಾಗ ಅವು ಭಾರವಾಗಿ ನಿಧಾನ ಕಂಪಿಸುತ್ತವೆ, ಸ್ವರ ದಪ್ಪವಾಗುತ್ತದೆ. ಅಂಚುಗಳು ಸರಿಯಾಗಿ ಕೂಡದೆ ಗಾಳಿ ಸೋರುವುದರಿಂದ ಮಾತು ಒಡೆಯುತ್ತದೆ. ಊದಿದ ಅಂಚುಗಳನ್ನು ಮತ್ತೆ ಮತ್ತೆ ಬಡಿಸಿದರೆ ಊತ ಇಳಿಯುವುದು ತಡವಾಗುತ್ತದೆ. ಮೌನ ಆ ಬಡಿತವನ್ನು ನಿಲ್ಲಿಸುತ್ತದೆ, ಅಷ್ಟೇ. ವೈರಾಣುವನ್ನು ಅದು ಕೊಲ್ಲುವುದಿಲ್ಲ.

ಹಾಗಾದರೆ ಪಿಸುಮಾತು? ಗಂಟಲಿನ ಮೇಲೆ ಬೆರಳಿಟ್ಟು 'ಗಡಿ' ಎನ್ನಲು ಮಕ್ಕಳಿಗೆ ಹೇಳಿ, ಕಂಪನ ತಿಳಿಯುತ್ತದೆ. ಅದನ್ನೇ ಪಿಸುಗುಟ್ಟಿದರೆ ಕಂಪನ ಇರುವುದಿಲ್ಲ, ಪದವೂ 'ಕಡಿ'ಯಂತೆ ಕೇಳುತ್ತದೆ. ಕಂಪನವಿಲ್ಲ ಎಂದಮೇಲೆ ಅದೇ ವಿಶ್ರಾಂತಿ ಎನಿಸುವುದು ಸಹಜ. ಈಗ ಒಂದೇ ಉಸಿರಿನಲ್ಲಿ 'ಆ' ಎಂದು ಎಳೆಯಲಿ, ಮತ್ತೆ ಪಿಸುದನಿಯಲ್ಲಿ ಎಳೆಯಲಿ, ಗಡಿಯಾರ ನೋಡಿ. ಪಿಸುದನಿಯಲ್ಲಿ ಸಾಮಾನ್ಯವಾಗಿ ಉಸಿರು ಬೇಗ ಮುಗಿಯುತ್ತದೆ. ತಂತುಗಳ ನಡುವಿನ ಸಂದಿನಿಂದ ಗಾಳಿ ರಭಸವಾಗಿ ನುಗ್ಗುವುದರಿಂದ ಗಂಟಲು ಒಣಗುತ್ತದೆ. ಹಿಂದಿನ ಬೆಂಚಿಗೂ ಕೇಳಲೆಂದು ಜೋರಾಗಿ ಪಿಸುಗುಟ್ಟಿದರೆ ಧ್ವನಿಪೆಟ್ಟಿಗೆಯ ಸ್ನಾಯುಗಳು ಬಿಗಿದು ತಂತುಗಳ ಮೇಲ್ಭಾಗವನ್ನು ಹಿಂಡುತ್ತವೆ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಧ್ವನಿತೊಂದರೆಯಿದ್ದ 100 ಮಂದಿಯ ಗಂಟಲನ್ನು ಒಳಗಿನಿಂದ ನೋಡಿತ್ತು. ಪಿಸುಗುಟ್ಟುವಾಗ 69 ಮಂದಿಯಲ್ಲಿ ಈ ಬಿಗಿತ ಹೆಚ್ಚಿತು, 18 ಮಂದಿಯಲ್ಲಿ ಬದಲಾಗಲಿಲ್ಲ, 13 ಮಂದಿಯಲ್ಲಿ ಕಡಿಮೆಯಾಯಿತು. ಹಾಗಾಗಿ ಪಿಸುಮಾತು ಎಲ್ಲರಿಗೂ ಕೆಡುಕೆನ್ನಲಾಗದು. ವಿಶ್ರಾಂತಿಯೆಂದು ನಂಬುವುದಂತೂ ತಪ್ಪು.

ನಮ್ಮ ಸಹಪಾಠಿ ಎರಡು ದಿನ ಪಾಠಯೋಜನೆಯನ್ನೇ ಬದಲಿಸಿದರು. ಪ್ರಶ್ನೆಗಳು ಕರಿಹಲಗೆಯ ಮೇಲೆ, ಓದು ಮಕ್ಕಳಿಂದ, ಗಮನ ಸೆಳೆಯಲು ಚಪ್ಪಾಳೆ. ಹೇಳಲೇಬೇಕಾದ ಒಂದೆರಡು ವಾಕ್ಯಗಳನ್ನು ಬೆಂಚಿನ ಹತ್ತಿರ ಹೋಗಿ ಮೆಲುದನಿಯಲ್ಲಿ, ಆದರೆ ಸ್ವರದೊಂದಿಗೇ ಹೇಳಿದರು. ಕಷ್ಟವಾದದ್ದು ಮಾತು ಬಿಡುವುದಲ್ಲ, ಗಂಟಲು ಕೆರೆದು ಸರಿಮಾಡಿಕೊಳ್ಳುವ ಅಭ್ಯಾಸ ಬಿಡುವುದು. ಅದೂ ತಂತುಗಳನ್ನು ಬಲವಾಗಿ ಬಡಿಸುತ್ತದೆ. ಕೆರೆತ ಬಂದಾಗಲೆಲ್ಲ ಒಂದು ಗುಟುಕು ನೀರು ಕುಡಿದರು.

ನೆಗಡಿಯಿಂದ ಕಟ್ಟಿದ ಧ್ವನಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮರಳುತ್ತದೆ. ಮೂರು ವಾರ ದಾಟಿದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಕೆಮ್ಮಿನಲ್ಲಿ ರಕ್ತ ಕಂಡರೆ ಒಂದು ದಿನವೂ ಕಾಯಬಾರದು.