ಮಾತಿನ ದಣಿವು ಮತ್ತು ಕುಶಲಪ್ರಶ್ನೆ

ಬೆಳಗಿನ ಏಳು ಗಂಟೆಗೆ ಬನಶಂಕರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಬಸ್ಸಿಗಾಗಿ ಕಾದು ನಿಂತಿರುವ ಇಬ್ಬರು ಸಹೋದ್ಯೋಗಿಗಳನ್ನು ವಾಚಕರು ಕಲ್ಪಿಸಿಕೊಳ್ಳಲಿ. ಒಬ್ಬರು "ತಿಂಡಿ ಆಯ್ತಾ ಸಾರ್?" ಎನ್ನುತ್ತಾರೆ. ಮತ್ತೊಬ್ಬರು "ಆಯ್ತು, ನಿಮ್ದು?" ಎಂದು ನಗುತ್ತಾರೆ. ಬಸ್ಸು ಬರುತ್ತದೆ. ಮೊದಲನೆಯವರು ಪಕ್ಕದಲ್ಲಿಯೇ ಕುಳಿತು ಕ್ರಿಕೆಟ್ಟು, ಮನೆಯ ಬಾಡಿಗೆ, ಮಗನ ಸಿಇಟಿ ಪರೀಕ್ಷೆ ಎಂದು ಮಾತು ಬೆಳೆಸುತ್ತಾರೆ. ಸಿಲ್ಕ್ ಬೋರ್ಡ್ ಬರುವ ವೇಳೆಗೆ ಎರಡನೆಯವರ ಉತ್ತರಗಳು "ಹೂಂ" ಎಂಬಲ್ಲಿಗೆ ಇಳಿದಿರುತ್ತವೆ. ಇಳಿಯುವಾಗ ಒಬ್ಬರು ಲವಲವಿಕೆಯಿಂದಿದ್ದಾರೆ. ಇನ್ನೊಬ್ಬರು ಅರ್ಧ ದಿನ ದುಡಿದವರಂತಿದ್ದಾರೆ. ಮರುದಿನ ಈ ಎರಡನೆಯವರು ಹಿಂದಿನ ಸೀಟನ್ನು ಹುಡುಕಿಕೊಂಡು ಹೋಗುತ್ತಾರೆ. ಮೊದಲನೆಯವರು "ಏನೋ ಜಂಬ" ಎಂದುಕೊಳ್ಳುತ್ತಾರೆ. ಜಂಬವಲ್ಲವೆಂದಾದರೆ ಇದು ಮತ್ತೇನು?

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆ ಪ್ರಚಾರಕ್ಕೆ ಬಂದಿತು. ಇವು ಎರಡು ಜಾತಿಗಳೆಂದು ತಿಳಿಯಬಾರದು. ಜನರ ಎತ್ತರವನ್ನು ಅಳೆದರೆ ಬಹುಮಂದಿ ನಡುವಿನ ಅಳತೆಗೆ ಸೇರುವಂತೆ, ಈ ಗುಣದಲ್ಲಿಯೂ ಹೆಚ್ಚು ಜನ ನಡುವೆಯೇ ಇರುವರು. ತೀರ ಈ ಕೊನೆಯವರೂ ತೀರ ಆ ಕೊನೆಯವರೂ ಕೆಲವರು ಮಾತ್ರ. ಅಂತರ್ಮುಖತೆಯೆಂದರೆ ನಾಚಿಕೆಯೂ ಅಲ್ಲ. ನಾಚಿಕೆಯವನಿಗೆ ಮಾತನಾಡುವ ಆಸೆಯಿದ್ದರೂ ಭಯ ಅಡ್ಡ ಬರುತ್ತದೆ. ಅಂತರ್ಮುಖಿಗೆ ಭಯವಿರಬೇಕಾಗಿಲ್ಲ, ಅವನಿಗೆ ಅಷ್ಟು ಮಾತು ಸಾಕೆನಿಸಿರುತ್ತದೆ, ಅಷ್ಟೆ.

ಮಾತನ್ನು ನಾವು ವಿಶ್ರಾಂತಿಯೆಂದು ಎಣಿಸುವುದು ವಾಡಿಕೆ. ವಾಸ್ತವವಾಗಿ ಅದು ಚುರುಕಾದ ಕೆಲಸ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಬ್ಬರ ಮಾತು ಮುಗಿದು ಇನ್ನೊಬ್ಬರದು ಆರಂಭವಾಗುವ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದರಲ್ಲೊಂದು ಭಾಗವೆಂದು ಕಂಡುಬಂದಿತು. ಆದರೆ ಒಂದು ಚಿತ್ರವನ್ನು ನೋಡಿ ಅದರ ಹೆಸರನ್ನು ಹೇಳಬೇಕಾದರೆ ಮೆದುಳಿಗೆ ಸುಮಾರು 600 ಮಿಲಿಸೆಕೆಂಡು ಬೇಕು. ಒಂದು ಪದಕ್ಕೇ ಇಷ್ಟಾದರೆ ಇಡೀ ವಾಕ್ಯಕ್ಕೆ ಇನ್ನೂ ಹೆಚ್ಚು ಬೇಕೆಂಬುದು ಸ್ಪಷ್ಟ. ಹಾಗಿದ್ದೂ ಉತ್ತರ ತಡವಾಗುವುದಿಲ್ಲವೇಕೆ? ಎದುರಿನವರು ಇನ್ನೂ ಮಾತನಾಡುತ್ತಿರುವಾಗಲೇ ನಾವು ಅವರ ವಾಕ್ಯದ ಕೊನೆಯನ್ನು ಊಹಿಸಿ, ನಮ್ಮ ಉತ್ತರವನ್ನು ಕಟ್ಟಿಕೊಳ್ಳಲು ತೊಡಗಿರುತ್ತೇವೆ. ಕೇಳುವುದೂ ಕಟ್ಟುವುದೂ ಒಟ್ಟಿಗೆ ನಡೆಯುತ್ತವೆ. ಒಂದು ಗಂಟೆಯ ಬಸ್ಸಿನ ಮಾತಿನಲ್ಲಿ ಇದು ನೂರಾರು ಬಾರಿ ನಡೆದಿರುತ್ತದೆ.

ಈ ಕೆಲಸ ಇಬ್ಬರಿಗೂ ಉಂಟು. ಫಿನ್ಲೆಂಡಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವಿದ್ಯಾರ್ಥಿಗಳು ತಾವು ಆಗ ಎಷ್ಟು ಬೆರೆತು ಮಾತನಾಡುತ್ತಿರುವೆವು, ಮನಸ್ಸು ಹೇಗಿದೆ, ದಣಿವು ಎಷ್ಟಿದೆ ಎಂಬುದನ್ನು ದಿನಕ್ಕೆ 5 ಬಾರಿಯಂತೆ 12 ದಿನ ಬರೆದಿಟ್ಟರು. ಹೆಚ್ಚು ಬೆರೆತ ಹೊತ್ತಿನಲ್ಲಿ ಉಲ್ಲಾಸ ಹೆಚ್ಚು. ಆದರೆ ಸುಮಾರು ಮೂರು ಗಂಟೆಗಳ ಅನಂತರ ದಣಿವೂ ಹೆಚ್ಚು. ಇದು ಬಹಿರ್ಮುಖಿಗಳಿಗೂ ತಪ್ಪಲಿಲ್ಲ! ಬಹಿರ್ಮುಖಿಯು ಮಾತಿನಿಂದ ಬ್ಯಾಟರಿಯಂತೆ ತುಂಬಿಕೊಳ್ಳುತ್ತಾನೆ, ಅಂತರ್ಮುಖಿಯು ಬರಿದಾಗುತ್ತಾನೆ ಎಂದು ಈಗ ಎಲ್ಲೆಡೆಯೂ ಹೇಳುವ ಹೋಲಿಕೆಯನ್ನು ಆದುದರಿಂದ ಪೂರ್ತಿ ನಂಬುವಂತಿಲ್ಲ.

ಹಾಗಾದರೆ ವ್ಯತ್ಯಾಸವೆಲ್ಲಿ? ಒಂದು ಅಂಶ ಮಾತಿಗೆ ದೊರೆಯುವ ಪ್ರತಿಫಲದಲ್ಲಿದೆ. ಆಸ್ಟ್ರೇಲಿಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವರನ್ನು ಒಂದು ವಾರ ಬಹಿರ್ಮುಖಿಗಳಂತೆ ನಡೆದುಕೊಳ್ಳಲು ಕೇಳಿಕೊಂಡರು. ಒಟ್ಟಿನಲ್ಲಿ ಉಲ್ಲಾಸ ಹೆಚ್ಚಿತು. ಆದರೆ ಸ್ವಭಾವತಃ ಅಂತರ್ಮುಖಿಗಳಾದವರಿಗೆ ಈ ಲಾಭ ಕಡಿಮೆಯಾಗಿ, ಆಯಾಸ ಹೆಚ್ಚಾಗಿ ಕಂಡಿತು. ದುಡಿಮೆ ಒಂದೇ, ಕೂಲಿ ಬೇರೆ ಎಂದಂತಾಯಿತು. ಕೂಲಿ ಸಾಲದವನು ಬೇಗ ಕೈ ತೊಳೆದುಕೊಳ್ಳುವುದು ಸಹಜವಲ್ಲವೇ?

ಇನ್ನೊಂದು ಅಂಶ ಸುತ್ತಲಿನ ಗದ್ದಲವನ್ನು ಸಹಿಸುವ ಮಟ್ಟ. 1984ರಲ್ಲಿ ಅಮೆರಿಕದ ರಸೆಲ್ ಗೀನ್ ಎಂಬವರು ವಿದ್ಯಾರ್ಥಿಗಳಿಗೆ ಪದಗಳನ್ನು ಕಲಿಯುವ ಕೆಲಸ ಕೊಟ್ಟು, ಆಗ ಕಿವಿಗೆ ಬೀಳುವ ಸದ್ದಿನ ಪ್ರಮಾಣವನ್ನು ಅವರೇ ಆರಿಸಿಕೊಳ್ಳುವಂತೆ ಹೇಳಿದರು. ಬಹಿರ್ಮುಖಿಗಳು ಆರಿಸಿದ್ದು ಸರಾಸರಿ 72 ಡೆಸಿಬೆಲ್, ಅಂತರ್ಮುಖಿಗಳು 55. ತಾವೇ ಆರಿಸಿದ ಸದ್ದಿನಲ್ಲಿ ಇಬ್ಬರೂ ಸರಿಸಮನಾಗಿ ಕಲಿತರು. ಸದ್ದನ್ನು ಅದಲುಬದಲು ಮಾಡಿದಾಗ ಇಬ್ಬರ ಕಲಿಕೆಯೂ ಕೆಟ್ಟಿತು. ಒಬ್ಬರಿಗೆ ಪ್ರಚೋದನೆ ಅತಿಯಾಯಿತು, ಇನ್ನೊಬ್ಬರಿಗೆ ಸಾಲದಾಯಿತು. ಪೀಣ್ಯದ ಕಾರ್ಖಾನೆಯಲ್ಲಿ ಲೇತು, ಪ್ರೆಸ್ಸುಗಳ ನಡುವೆ ಎಂಟು ಗಂಟೆ ನಿಂತು ಹೊರಬಂದ ಅಂತರ್ಮುಖಿಯೊಬ್ಬನನ್ನು ನೆನೆಯಿರಿ. ಚಹದಂಗಡಿಯ ಮುಂದೆ ಗೆಳೆಯರು ಕರೆದಾಗ ಅವನ ಮಿತಿ ಆಗಲೇ ತುಂಬಿರಬಹುದು. ಅವನು ದೂರ ಸರಿಯುವುದು ಗೆಳೆಯರಿಂದಲ್ಲ, ಸದ್ದಿನಿಂದ.

ಈಗ ಕುಶಲಪ್ರಶ್ನೆಗೆ ಬರೋಣ. "ತಿಂಡಿ ಆಯ್ತಾ?" ಎಂಬುದಕ್ಕೆ ಉತ್ತರ ಮೊದಲೇ ಸಿದ್ಧವಾಗಿದೆ. ಊಹಿಸುವುದಿಲ್ಲ, ಕಟ್ಟುವುದಿಲ್ಲ, ಮೇಲೆ ಹೇಳಿದ ಶ್ರಮವೆಲ್ಲ ಇಲ್ಲಿ ತಪ್ಪುತ್ತದೆ. ತಿಂಡಿ ತಿನ್ನದವರೂ "ಆಯ್ತು" ಎನ್ನುವುದುಂಟು, ಅದನ್ನು ಯಾರೂ ಸುಳ್ಳೆನ್ನುವುದಿಲ್ಲ. ವೈಟ್‌ಫೀಲ್ಡಿಗೆ ಹೊರನಾಡಿನಿಂದ ಹೊಸದಾಗಿ ಬಂದವರು ಮಾತ್ರ "ಊಟ ಆಯ್ತಾ?" ಎಂದೊಡನೆ ಇವರು ಊಟಕ್ಕೆ ಕರೆಯುತ್ತಿರುವರೆಂದು ತಬ್ಬಿಬ್ಬಾಗುವುದುಂಟು. ಸುದ್ದಿ ತಿಳಿಸುವುದಕ್ಕಲ್ಲದೆ ಸಂಬಂಧವನ್ನು ಕಾಯುವುದಕ್ಕಾಗಿಯೇ ಆಡುವ ಇಂಥ ಮಾತನ್ನು ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲಿಯೇ ಗುರುತಿಸಿ, ಅದಕ್ಕೊಂದು ಪ್ರತ್ಯೇಕ ಹೆಸರನ್ನು ಕೊಟ್ಟಿದ್ದನು.

ಇಷ್ಟು ಚಿಕ್ಕದು ಸಾಕಾಗುವುದೇ? ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಆವರಣದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕೆ ಉತ್ತರಿಸುತ್ತದೆ. ಸಹಾಯಕಿಯೊಬ್ಬಳು ಎದುರು ಬರುವವರಲ್ಲಿ ಕೆಲವರ ಕಣ್ಣನ್ನು ನೋಡಿದಳು, ಕೆಲವರನ್ನು ನೋಡಿ ನಕ್ಕಳು, ಕೆಲವರ ಕಡೆಗೆ ಅಲ್ಲಿ ಗಾಳಿಯಷ್ಟೇ ಇದೆಯೋ ಎಂಬಂತೆ ದೃಷ್ಟಿ ಹಾಯಿಸಿ ನಡೆದಳು. ಹಿಂದೆ ಬಂದ ಇನ್ನೊಬ್ಬರು ದಾರಿಹೋಕರನ್ನು ತಡೆದು, ಇತರರಿಂದ ದೂರವಾದ ಭಾವನೆ ಈಗ ಎಷ್ಟಿದೆ ಎಂದು ಕೇಳಿದರು. ಗಾಳಿಯಂತೆ ಕಾಣಲ್ಪಟ್ಟವರಲ್ಲಿ ಅದು ಹೆಚ್ಚಾಗಿತ್ತು. ಬರಿಯ ಒಂದು ನೋಟ ದೊರೆತವರಲ್ಲಿ ಕಡಿಮೆಯಿತ್ತು. ನಾನು ಇಲ್ಲಿರುವೆನೆಂಬುದನ್ನು ಇನ್ನೊಬ್ಬರು ಗಮನಿಸಿದರೆಂಬ ಸಮಾಧಾನವು ಕ್ಷಣದಲ್ಲಿ ದೊರೆಯುತ್ತದೆ. ಒಂದು ಗಂಟೆಯ ಮಾತು ಆ ಸಮಾಧಾನಕ್ಕೆ ಅಗತ್ಯವಿಲ್ಲ. ಆಪ್ತಸ್ನೇಹ ಬೆಳೆಯಬೇಕಾದರೆ ಮಾತು ಬೇಕೇ ಬೇಕು, ಆ ಮಾತು ಬೇರೆ.

ಬಸ್ಸಿನವರಿಗೆ ಹಿಂತಿರುಗೋಣ. ತೊಂದರೆ ಹುಟ್ಟಿದ್ದು ಕುಶಲಪ್ರಶ್ನೆಯಲ್ಲಿ ಅಲ್ಲ. ಅದರ ಬೆನ್ನಿಗೇ ಬಂದ, ಸಿದ್ಧ ಉತ್ತರವಿಲ್ಲದ ಪ್ರಶ್ನೆಗಳಲ್ಲಿ. ಉತ್ತರಗಳು ಮೊಟಕಾಗುವುದು, ನಡುವಣ ಬಿಡುವು ಹಿಗ್ಗುವುದು, ತಿರುಗಿ ಕೇಳುವ ಪ್ರಶ್ನೆಗಳು ನಿಲ್ಲುವುದು, ಇವು ದಣಿವಿನ ಗುರುತುಗಳು. ಅವನ್ನು ಕಂಡರೂ ಮಾತು ನಿಲ್ಲದಿರುವುದು ಮೊದಲನೆಯವರ ತಪ್ಪೇ ಎಂದೂ ಹೇಳಲಾಗದು. 2021ರ ಒಂದು ಅಧ್ಯಯನದಲ್ಲಿ, ಇಬ್ಬರೂ ಬಯಸಿದ ಹೊತ್ತಿಗೇ ಮುಗಿದ ಸಂಭಾಷಣೆಗಳು ನೂರಕ್ಕೆ ಎರಡರಷ್ಟು ಮಾತ್ರ ಇದ್ದವು. ತಮ್ಮ ಬಯಕೆಯನ್ನು ಪರಸ್ಪರ ಮುಚ್ಚಿಡುವುದೇ ಇದಕ್ಕೆ ಕಾರಣವೆಂದು ಸಂಶೋಧಕರು ಬಗೆದರು. ಎರಡನೆಯವರು ಹಿಂದಿನ ಸೀಟಿಗೆ ಹೋಗುವುದಾದರೆ ಹೋಗಲಿ. ಹೋಗುವಾಗ "ತಿಂಡಿ ಆಯ್ತಾ ಸಾರ್? ಸ್ವಲ್ಪ ಕಣ್ಣು ಮುಚ್ಚಿಕೊಳ್ತೀನಿ, ಸಂಜೆ ಸಿಗೋಣ" ಎನ್ನಬಹುದು. ಇದಕ್ಕೆ ಹಿಡಿಯುವುದು ಐದು ಸೆಕೆಂಡು.