ಓದಿದ್ದು ಥೀಸಿಸ್‌ಗೆ ಒದಗಬೇಕಾದರೆ

ಪಿಎಚ್‌.ಡಿ.ಯ ಮೂರನೆಯ ವರ್ಷದಲ್ಲಿ ಪೂರ್ವ ಅಧ್ಯಯನಗಳ ಅಧ್ಯಾಯ ಬರೆಯಲು ಕೂತವರ ಮುಂದೆ ಸಾಮಾನ್ಯವಾಗಿ ಜೆರಾಕ್ಸ್ ಪ್ರತಿಗಳ ಒಂದು ಕಟ್ಟು, ಲ್ಯಾಪ್‌ಟಾಪಿನಲ್ಲಿ ಪಿಡಿಎಫ್‌ಗಳ ಒಂದು ಫೋಲ್ಡರ್ ಇರುತ್ತವೆ. ಎರಡರ ತುಂಬ ಹಳದಿ ಗೆರೆಗಳು. ಆದರೆ ಎರಡು ವರ್ಷದ ಹಿಂದೆ ಈ ಸಾಲಿಗೆ ಏಕೆ ಗೆರೆ ಎಳೆದೆ ಎಂಬುದು ನೆನಪಿಗೆ ಬರುವುದಿಲ್ಲ. ಕೊನೆಗೆ ಎಲ್ಲವನ್ನೂ ಮೊದಲಿನಿಂದ ಓದಬೇಕಾಗುತ್ತದೆ. ನಾನೂ ಹೀಗೆ ಓದಿ, ಹೀಗೆಯೇ ಮತ್ತೆ ಓದಿದವನು. ಆಮೇಲೆ ರೂಢಿಸಿಕೊಂಡ ಕ್ರಮವೊಂದನ್ನು ನಿಜವಾದ ಒಂದು ಪ್ರಬಂಧದ ಮೂಲಕವೇ ಇಲ್ಲಿ ವಿವರಿಸುತ್ತೇನೆ.

ನಿಮ್ಮ ವಿಷಯ ಕರ್ನಾಟಕದ ಗ್ರಾಮ ಪಂಚಾಯಿತಿಗಳ ಮಹಿಳಾ ಅಧ್ಯಕ್ಷರು ಎಂದಿಟ್ಟುಕೊಳ್ಳಿ. ಈ ವಿಷಯ ಹಿಡಿದವರೆಲ್ಲ ಓದಲೇಬೇಕಾದ ಪ್ರಬಂಧವೊಂದಿದೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಬರೆದ ‘ವಿಮೆನ್ ಆ್ಯಸ್ ಪಾಲಿಸಿ ಮೇಕರ್ಸ್’ 2004ರಲ್ಲಿ ‘ಇಕನಾಮೆಟ್ರಿಕಾ’ ನಿಯತಕಾಲಿಕದಲ್ಲಿ, 1409ರಿಂದ 1443ನೇ ಪುಟದವರೆಗೆ ಪ್ರಕಟವಾಯಿತು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಪಂಚಾಯಿತಿಗಳಲ್ಲಿ ಹಣ ಬೇರೆ ಕೆಲಸಗಳಿಗೆ ಖರ್ಚಾಗುತ್ತದೆಯೇ ಎಂಬುದು ಅದರ ಪ್ರಶ್ನೆ.

ಯಾವ ಪ್ರತಿ ನಿಮ್ಮ ಕೈಯಲ್ಲಿದೆ?

ಓದುವ ಮೊದಲು ನೋಟ್‌ಬುಕ್ಕಿನ ಹೊಸ ಪುಟದ ತಲೆಯಲ್ಲಿ ಎರಡು ಸಾಲು ಬರೆಯಿರಿ. ಒಂದರಲ್ಲಿ ಲೇಖಕರು, ವರ್ಷ, ನಿಯತಕಾಲಿಕ, ಪುಟಗಳು. ಇನ್ನೊಂದರಲ್ಲಿ ಈ ಪ್ರಬಂಧದಿಂದ ನಿಮಗೆ ಬೇಕಾದ ಉತ್ತರವೇನು ಎಂಬ ಪ್ರಶ್ನೆ. ಮೊದಲ ಸಾಲನ್ನು ಬಹಳ ಮಂದಿ ಆಮೇಲೆ ಬರೆದರಾಯಿತು ಎಂದು ಬಿಡುತ್ತಾರೆ. ಅದರಿಂದ ಎಂಥ ಎಡವಟ್ಟಾಗಬಹುದು ಎಂಬುದಕ್ಕೆ ಇದೇ ಪ್ರಬಂಧ ಸಾಕ್ಷಿ.

ಇದರ ಮೊದಲ ರೂಪ 2001ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಇಕನಾಮಿಕ್ ರಿಸರ್ಚ್‌ನ ವರ್ಕಿಂಗ್ ಪೇಪರ್ ಆಗಿ ಬಂತು. ಅದರಲ್ಲಿದ್ದದ್ದು ಪಶ್ಚಿಮ ಬಂಗಾಳದ 165 ಪಂಚಾಯಿತಿಗಳು ಮಾತ್ರ. ಮಹಿಳಾ ಅಧ್ಯಕ್ಷರು ನೀರು, ಉರುವಲು, ರಸ್ತೆಗಳಿಗೆ ಹೆಚ್ಚು ಹಣ ಹಾಕುತ್ತಾರೆ ಎಂದು ಅದರ ಸಾರಾಂಶ ಹೇಳುತ್ತಿತ್ತು. 2004ರ ಅಚ್ಚಿನ ರೂಪಕ್ಕೆ ರಾಜಸ್ಥಾನವೂ ಸೇರಿ ಪಂಚಾಯಿತಿಗಳ ಸಂಖ್ಯೆ 265 ಆಯಿತು. ಆಗ ವಾದದ ಆಕಾರವೂ ಬದಲಾಯಿತು. ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಮೀಸಲು ಪಂಚಾಯಿತಿಗಳು ಕುಡಿಯುವ ನೀರಿಗೂ ರಸ್ತೆಗೂ ಹೆಚ್ಚು ಖರ್ಚು ಮಾಡಿದ್ದರೆ, ರಾಜಸ್ಥಾನದ ಉದಯಪುರದಲ್ಲಿ ನೀರಿಗೆ ಹೆಚ್ಚು, ರಸ್ತೆಗೆ ಕಡಿಮೆ ಮಾಡಿದ್ದವು. ಬಂಗಾಳದಲ್ಲಿ ರಸ್ತೆಯ ಬಗ್ಗೆ ಗಂಡಸರಿಗಿಂತ ಹೆಚ್ಚಾಗಿ ದೂರುತ್ತಿದ್ದವರು ಹೆಂಗಸರು, ಉದಯಪುರದಲ್ಲಿ ಅವರ ದೂರು ಗಂಡಸರದ್ದಕ್ಕಿಂತ ಕಡಿಮೆ. ಹೀಗಾಗಿ ‘ಮಹಿಳೆಯರು ರಸ್ತೆ ಮಾಡಿಸುತ್ತಾರೆ’ ಎಂಬ ಮಾತು ಬಿದ್ದುಹೋಗಿ, ‘ಆಯಾ ಊರಿನಲ್ಲಿ ತಮ್ಮವರಿಗೆ ಬೇಕಾದುದನ್ನು ನಾಯಕರು ಮಾಡಿಸುತ್ತಾರೆ’ ಎಂಬ ಮಾತು ನಿಂತಿತು.

ಹಳೆಯ ಪ್ರತಿ ಓದಿ ಅಡಿಟಿಪ್ಪಣಿಯಲ್ಲಿ 2004 ಎಂದು ಹಾಕಿದವರು ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ. ಅಚ್ಚಾದ ರೂಪ ಸಿಗದಿದ್ದರೆ ವರ್ಕಿಂಗ್ ಪೇಪರನ್ನೇ ಓದಿ, ಆದರೆ ಅದನ್ನು ಅದರದೇ ವರ್ಷದ ಹೆಸರಿನಲ್ಲಿ ಉಲ್ಲೇಖಿಸಿ.

ಪೆನ್ಸಿಲ್ ಎರಡನೆಯ ಓದಿಗೆ

ಮೊದಲ ಅರ್ಧ ಗಂಟೆ ಕೈಯಲ್ಲಿ ಪೆನ್ಸಿಲ್ ಬೇಡ. ಸಾರಾಂಶ, ಪೀಠಿಕೆ, ಮುಖ್ಯ ಕೋಷ್ಟಕಗಳು, ಕೊನೆಯ ಭಾಗ, ಇಷ್ಟನ್ನು ಓದಿ. ವಾದ ಎಲ್ಲಿಗೆ ಮುಟ್ಟುತ್ತದೆಂದು ತಿಳಿಯುವ ಮೊದಲೇ ಗೆರೆ ಎಳೆದರೆ ಪ್ರತಿ ಸಾಲೂ ಮುಖ್ಯವೆನಿಸುತ್ತದೆ. ಪೀಠಿಕೆಯ ಪುಟಗಳು ಪೂರ್ತಿ ಹಳದಿಯಾಗಿ, ಕೋಷ್ಟಕಗಳ ಪುಟಗಳು ಬೆಳ್ಳಗೆ ಉಳಿದ ಪ್ರತಿಯನ್ನು ನೋಡಿದರೆ, ಇದನ್ನು ಒಂದೇ ಸಲ ಓದಿದ್ದಾರೆಂದು ಹೇಳಿಬಿಡಬಹುದು.

ಎರಡನೆಯ ಓದಿಗೆ ನಾಲ್ಕೇ ಗುರುತುಗಳು ಸಾಕು. ಲೇಖಕರ ಮುಖ್ಯ ಮಾತಿನ ಪಕ್ಕದ ಅಂಚಿನಲ್ಲಿ ‘ವಾ’, ಅಂದರೆ ವಾದ. ಅದಕ್ಕೆ ಆಧಾರವಾದ ಕೋಷ್ಟಕ ಅಥವಾ ಅಂಕಿಯ ಪಕ್ಕ ‘ಆ’. ಈ ಮಾತು ಎಲ್ಲಿಗೆ, ಯಾರಿಗೆ ಅನ್ವಯಿಸುತ್ತದೆ ಎಂಬ ಸಾಲಿಗೆ ‘ಮಿ’, ಅಂದರೆ ಮಿತಿ. ನಿಮಗೇ ಹುಟ್ಟಿದ ಪ್ರಶ್ನೆಗೆ ‘ಪ್ರ’. ಪ್ರತಿ ಗುರುತಿನ ಪಕ್ಕ ನಾಲ್ಕೈದು ಪದಗಳಲ್ಲಿ ಕಾರಣ ಬರೆಯಿರಿ. ‘ಉದಯಪುರದಲ್ಲಿ ರಸ್ತೆ ಕಡಿಮೆ, ಏಕೆ?’ ಎಂಬ ಅಂಚಿನ ಮಾತು ಎರಡು ವರ್ಷವಾದ ಮೇಲೂ ಅರ್ಥವಾಗುತ್ತದೆ, ಬರೀ ಗೆರೆ ಆಗುವುದಿಲ್ಲ. ಮೂವತ್ತೈದು ಪುಟದ ಪ್ರಬಂಧಕ್ಕೆ ಹನ್ನೆರಡು, ಹದಿನೈದು ಗುರುತು ದಾಟಿದರೆ ನೀವಿನ್ನೂ ಆರಿಸಿಲ್ಲ ಎಂದೇ ನನ್ನ ಲೆಕ್ಕ.

ನಾಲ್ಕರಲ್ಲಿ ಹೆಚ್ಚು ಮಂದಿ ಬಿಡುವುದು ‘ಮಿ’ ಗುರುತನ್ನು. ಥೀಸಿಸ್ ಬರೆಯುವಾಗ ಹೆಚ್ಚು ಬೇಕಾಗುವುದೂ ಅದೇ. ‘ಎಲ್ಲಿ’ ಎಂಬುದು ಕಳಚಿಹೋದ ಫಲಿತಾಂಶವನ್ನು ಟಿಪ್ಪಣಿಯಲ್ಲಿ ಇಟ್ಟುಕೊಳ್ಳುವುದಕ್ಕಿಂತ ಇಟ್ಟುಕೊಳ್ಳದಿರುವುದೇ ಮೇಲು.

ಕಂಪ್ಯೂಟರಿನಲ್ಲಿ ಓದುವವರು ಉಚಿತವಾಗಿ ಸಿಗುವ Zotero ಬಳಸಬಹುದು. ಅದರಲ್ಲೇ ಪಿಡಿಎಫ್ ತೆರೆದು ನಾಲ್ಕು ಗುರುತಿಗೆ ನಾಲ್ಕು ಬಣ್ಣ ಇಟ್ಟುಕೊಳ್ಳಿ. ಓದಿ ಮುಗಿದ ಮೇಲೆ ಪ್ರಬಂಧದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ Add Note from Annotations ಆರಿಸಿದರೆ, ಗುರುತು ಹಾಕಿದ ಸಾಲುಗಳೂ ನಿಮ್ಮ ಮಾತುಗಳೂ ಪುಟಸಂಖ್ಯೆಯೊಂದಿಗೆ ಒಂದೇ ಕಡೆ ಬರುತ್ತವೆ. ಕೆಲವು ಫೈಲುಗಳ ಮೊದಲಲ್ಲಿ ಕವರ್ ಪುಟವೊಂದು ಸೇರಿರುವುದರಿಂದ ಫೈಲಿನ 2ನೇ ಪುಟವೇ ಅಚ್ಚಿನ 1409 ಆಗಿರಬಹುದು. ಉಲ್ಲೇಖಕ್ಕೆ ಬೇಕಾದದ್ದು ಅಚ್ಚಿನ ಸಂಖ್ಯೆ, ಆದ್ದರಿಂದ ಒಂದೆರಡು ಪುಟ ತಾಳೆ ನೋಡಿ. ಹೀಗೆ ಒಟ್ಟಾದ ಸಾಲುಗಳು ಸಾರಲೇಖವಲ್ಲ, ಅದಕ್ಕೆ ಕಚ್ಚಾ ಸಾಮಗ್ರಿ ಮಾತ್ರ.

ಮುಚ್ಚಿಟ್ಟು ಬರೆಯುವ ಒಂದು ಪುಟ

ಓದಿದ ದಿನವೇ, ತಪ್ಪಿದರೆ ಮರುದಿನ, ಪ್ರಬಂಧವನ್ನು ಮುಚ್ಚಿಟ್ಟು ಒಂದು ಪುಟದ ಸಾರಲೇಖ ಬರೆಯಿರಿ. ತೆರೆದಿಟ್ಟುಕೊಂಡರೆ ಕೈ ತಾನಾಗಿ ಲೇಖಕರ ವಾಕ್ಯವನ್ನೇ ನಕಲು ಮಾಡುತ್ತದೆ. ಥೀಸಿಸ್ ಕನ್ನಡದಲ್ಲಾದರೆ ಸಾರಲೇಖವೂ ನೇರವಾಗಿ ಕನ್ನಡದಲ್ಲೇ ಇರಲಿ. ಇಂಗ್ಲಿಷ್ ವಾಕ್ಯವನ್ನು ಅರ್ಥವಾಗದೆಯೂ ನಕಲು ಮಾಡಬಹುದು, ಕನ್ನಡದಲ್ಲಿ ಹೇಳಹೊರಟಾಗ ಅರ್ಥವಾಗದ ಜಾಗ ಥಟ್ಟನೆ ಕಾಣುತ್ತದೆ. ‘ಪಬ್ಲಿಕ್ ಗೂಡ್ಸ್’ ಎಂಬುದಕ್ಕೆ ‘ಸಾರ್ವಜನಿಕ ಸೌಲಭ್ಯ’ ಎಂದು ಬಳಸಲು ನಿರ್ಧರಿಸಿದರೆ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡಿ. ಇಲ್ಲವಾದರೆ ಎರಡನೇ ಅಧ್ಯಾಯದಲ್ಲಿ ಒಂದು ಪದ, ಐದನೆಯದರಲ್ಲಿ ಇನ್ನೊಂದು ಬರುತ್ತದೆ.

ಈ ಪ್ರಬಂಧದ ಸಾರಲೇಖ ಸುಮಾರಾಗಿ ಹೀಗಿರುತ್ತದೆ:

> ಪ್ರಶ್ನೆ: ಅಧ್ಯಕ್ಷ ಸ್ಥಾನದ ಮೀಸಲಾತಿ ಪಂಚಾಯಿತಿಯ ಖರ್ಚನ್ನು ಬದಲಿಸುತ್ತದೆಯೇ?
> ವಿಧಾನ: ಮೂರನೇ ಒಂದು ಭಾಗ ಅಧ್ಯಕ್ಷ ಸ್ಥಾನಗಳು ಯಾದೃಚ್ಛಿಕವಾಗಿ ಮೀಸಲಾಗಿದ್ದವು. ಆದ್ದರಿಂದ ಮೀಸಲು ಮತ್ತು ಮೀಸಲಲ್ಲದ ಪಂಚಾಯಿತಿಗಳನ್ನು ನೇರವಾಗಿ ಹೋಲಿಸಿದ್ದಾರೆ. ಒಟ್ಟು 265, ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನ (ಪು. 1409).
> ವಾದ: ನಾಯಕರು ತಮ್ಮ ಲಿಂಗದವರ ಅಗತ್ಯಕ್ಕೆ ಹತ್ತಿರವಾದ ಸೌಲಭ್ಯಗಳಿಗೆ ಹೆಚ್ಚು ಹಣ ಹಾಕುತ್ತಾರೆ (ಪು. 1409). ನೀರಿಗೆ ಎರಡೂ ಕಡೆ ಹೆಚ್ಚು. ರಸ್ತೆಗೆ ಬೀರ್‌ಭೂಮ್‌ನಲ್ಲಿ ಹೆಚ್ಚು, ಉದಯಪುರದಲ್ಲಿ ಕಡಿಮೆ.
> ಮಿತಿ: ಎರಡೇ ಜಿಲ್ಲೆ. ದಕ್ಷಿಣದ ರಾಜ್ಯಗಳಿಲ್ಲ.
> ನಾನು: ಕರ್ನಾಟಕದಲ್ಲಿ 1983ರ ಕಾಯ್ದೆಯಡಿ 1987ರ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ 25ರಷ್ಟು ಸದಸ್ಯ ಸ್ಥಾನಗಳು ಮೀಸಲಾಗಿದ್ದವು. ಹಳೆಯ ಅನುಭವವಿರುವ ಕಡೆ ಪರಿಣಾಮ ಬೇರೆಯಾಗಬಹುದೇ?

ಬರೆದು ಮುಗಿದ ಮೇಲೆ ಪ್ರಬಂಧ ತೆರೆದು ಪ್ರತಿ ಅಂಕಿಯನ್ನೂ ಊರಿನ ಹೆಸರನ್ನೂ ತಾಳೆ ಮಾಡಿ, ಜಿಲ್ಲೆಯ ಫಲಿತಾಂಶಗಳ ಪಕ್ಕ ಕೋಷ್ಟಕದ ಸಂಖ್ಯೆ ಸೇರಿಸಿ. ನೆನಪು ಮೋಸ ಮಾಡುವುದು ಅಂಕಿಗಳಲ್ಲೇ.

ಕೊನೆಯ ಭಾಗಕ್ಕೆ ‘ನಾನು’ ಎಂದು ತಲೆಬರಹ ಕೊಟ್ಟಿರುವುದನ್ನು ಗಮನಿಸಿ. ಲೇಖಕರ ಮಾತು ಯಥಾವತ್ತಾಗಿ ಬೇಕಿದ್ದರೆ ಉದ್ಧರಣ ಚಿಹ್ನೆಯೊಳಗೆ, ನಿಮ್ಮ ಮಾತಿನಲ್ಲಿ ಹೇಳಿದ ಅವರ ವಿಚಾರ ಚಿಹ್ನೆಯಿಲ್ಲದೆ ಪುಟಸಂಖ್ಯೆಯೊಂದಿಗೆ, ನಿಮ್ಮದೇ ವಿಚಾರ ‘ನಾನು’ ಎಂಬುದರ ಕೆಳಗೆ. ಈ ಮೂರು ಬೆರೆತುಹೋದ ನೋಟ್‌ಬುಕ್ಕಿನಿಂದಲೇ ಎಷ್ಟೋ ಕೃತಿಚೌರ್ಯಗಳು ಉದ್ದೇಶವಿಲ್ಲದೆ ಹುಟ್ಟುತ್ತವೆ. ಯುಜಿಸಿಯ 2018ರ ನಿಯಮದ ಪ್ರಕಾರ ಥೀಸಿಸ್‌ನಲ್ಲಿ ಹೋಲಿಕೆ ಶೇ 10 ದಾಟಿದರೆ ತಿದ್ದಿ ಸಲ್ಲಿಸಬೇಕಾಗುತ್ತದೆ, ಶೇ 60 ದಾಟಿದರೆ ನೋಂದಣಿಯೇ ರದ್ದು. ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ಅನುವಾದಿಸಿ ಮೂಲ ಹೇಳದೆ ಬಿಡುವುದೂ ಚೌರ್ಯವೇ, ತಂತ್ರಾಂಶದ ಕಣ್ಣಿಗೆ ಬೀಳದಿದ್ದರೂ.

ಪ್ರಬಂಧಗಳ ನಡುವೆ ಮಾತು

ಹತ್ತು ಸಾರಲೇಖಗಳಾದ ಮೇಲೆ ಎಕ್ಸೆಲ್‌ನಲ್ಲೋ ಅಡ್ಡ ಹಾಳೆಯಲ್ಲೋ ಒಂದು ಕೋಷ್ಟಕ ಮಾಡಿ. ಪ್ರಬಂಧಕ್ಕೊಂದು ಸಾಲು. ‘ಎಲ್ಲಿ’, ‘ಎಷ್ಟು’, ‘ವಾದ’, ‘ಮಿತಿ’ ಎಂದು ನಾಲ್ಕು ಕಲಂ. ಚಟ್ಟೋಪಾಧ್ಯಾಯ ಮತ್ತು ಡುಫ್ಲೊ ಅವರ ಕೆಳಗೆ ರಾಡು ಬಾನ್ ಮತ್ತು ವಿಜಯೇಂದ್ರ ರಾವ್ ಅವರ 2008ರ ಪ್ರಬಂಧವನ್ನು ಇಟ್ಟು ನೋಡಿ. ಅದು ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳ ಅಧ್ಯಯನ. ಮಹಿಳಾ ಅಧ್ಯಕ್ಷರ ಕೆಲಸ ಪುರುಷರದ್ದಕ್ಕಿಂತ ಕಳಪೆಯಲ್ಲ ಎಂದು ಅದು ಕಂಡುಕೊಂಡಿತು. ಆದರೆ ಮಹಿಳೆಯರ ಅಗತ್ಯಗಳ ಕಡೆಗೆ ನಿರ್ಧಾರಗಳು ವಾಲಿದ್ದಕ್ಕೆ ಅದಕ್ಕೆ ಪುರಾವೆ ಸಿಗಲಿಲ್ಲ. ಎರಡು ಸಾಲುಗಳು ಒಂದರ ಕೆಳಗೊಂದು ಬಂದ ಕೂಡಲೇ ಭಿನ್ನಾಭಿಪ್ರಾಯವೂ, ಅದರ ಪಕ್ಕದಲ್ಲೇ ‘ಎಲ್ಲಿ’ ಎಂಬ ಕಲಂನ ವ್ಯತ್ಯಾಸವೂ ಕಣ್ಣಿಗೆ ಬೀಳುತ್ತವೆ. ಅಧ್ಯಾಯದ ಪ್ಯಾರಾ ಅಲ್ಲಿಂದಲೇ ಹುಟ್ಟುತ್ತದೆ:

> ಮೀಸಲಾತಿಯು ಖರ್ಚಿನ ಆದ್ಯತೆಯನ್ನು ಬದಲಿಸಿತೆಂಬುದು ಬೀರ್‌ಭೂಮ್ ಮತ್ತು ಉದಯಪುರಗಳ ಅಧ್ಯಯನದಲ್ಲಿ ಕಂಡುಬಂದಿದೆ (ಚಟ್ಟೋಪಾಧ್ಯಾಯ ಮತ್ತು ಡುಫ್ಲೊ, 2004). ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ, ಆಡಳಿತದ ಗುಣಮಟ್ಟವೂ ಕುಸಿಯಲಿಲ್ಲ (ಬಾನ್ ಮತ್ತು ರಾವ್, 2008). ಕರ್ನಾಟಕದ ಮಟ್ಟಿಗೆ ಈ ವ್ಯತ್ಯಾಸಕ್ಕೆ ಕಾರಣವೇನೆಂಬುದನ್ನು ಈ ಅಧ್ಯಯನ ಪರಿಶೀಲಿಸುತ್ತದೆ.

ಈ ಮೂರು ವಾಕ್ಯ ಬರೆಯುವಾಗ ಯಾವ ಪಿಡಿಎಫ್ ಅನ್ನೂ ತೆರೆಯಬೇಕಾಗಲಿಲ್ಲ. ಸಾರಲೇಖ ಸರಿಯಾಗಿದೆಯೇ ಎಂದು ತಿಳಿಯಲು ಇದೇ ಪರೀಕ್ಷೆ. ಒಂದು ತಿಂಗಳು ಬಿಟ್ಟು ಆ ಪುಟ ತೆಗೆದು, ಮೂಲ ನೋಡದೆ ಎರಡು ವಾಕ್ಯ ಬರೆಯಲು ಪ್ರಯತ್ನಿಸಿ. ‘ಎಲ್ಲಿ ನಡೆದದ್ದು?’ ‘ಯಾವ ಪುಟ?’ ಎಂದು ಕೈ ತಡೆದರೆ ಏನು ಬಿಟ್ಟುಹೋಗಿದೆ ಎಂಬುದು ಗೊತ್ತಾಗುತ್ತದೆ.

ಈಗಾಗಲೇ ಐವತ್ತು ಅರವತ್ತು ಪ್ರಬಂಧ ಓದಿ ಗೆರೆ ಎಳೆದಿರುವವರು ಎಲ್ಲಕ್ಕೂ ಸಾರಲೇಖ ಬರೆಯಲು ಹೋಗಬೇಡಿ, ಅದು ಮುಗಿಯುವ ಕೆಲಸವಲ್ಲ. ಮುಂದಿನ ಅಧ್ಯಾಯ ಯಾವ ಏಳೆಂಟು ಪ್ರಬಂಧಗಳ ಮೇಲೆ ನಿಲ್ಲಬೇಕೋ ಅವನ್ನು ಆರಿಸಿ, ದಿನಕ್ಕೊಂದರಂತೆ ಮುಚ್ಚಿಟ್ಟು ಬರೆಯಿರಿ. ಇಂದು ಹೊಸದಾಗಿ ಓದುವ ಪ್ರಬಂಧಕ್ಕೆ ಮಾತ್ರ ಇಂದೇ ಬರೆಯಿರಿ.